ವೈಕುಂಠ ಏಕಾದಶಿಗೆ ವ್ಹೀಲ್‌ಚೇರ್ ಬಂದರೆ: ದೇವಸ್ಥಾನದ ಸ್ವಯಂಸೇವಕರಿಗೊಂದು ಮಾರ್ಗದರ್ಶಿ

‘ಹಿರಿಯ ನಾಗರಿಕರಿಗೆ ಹಾಗೂ ಅಂಗವಿಕಲ ಭಕ್ತರಿಗೆ ವಿಶೇಷ ವ್ಯವಸ್ಥೆ ಮಾಡಲಾಗಿದೆ.’ ಹಬ್ಬದ ದಿನ ಮೈಸೂರು, ಮಂಡ್ಯ ಕಡೆಯ ದೇವಸ್ಥಾನಗಳ ಫ್ಲೆಕ್ಸ್‌ಗಳಲ್ಲಿ ಈ ಸಾಲು ತಪ್ಪದೆ ಇರುತ್ತದೆ. ಆ ವ್ಯವಸ್ಥೆ ಯಾವ ಬಾಗಿಲಲ್ಲಿದೆ, ಯಾರನ್ನು ಕೇಳಬೇಕು, ಎಲ್ಲಿಯವರೆಗೆ ಕರೆದುಕೊಂಡು ಹೋಗುತ್ತಾರೆ ಎಂಬುದು ಮಾತ್ರ ಇರುವುದಿಲ್ಲ. ಅಜ್ಜಿಯನ್ನು ಆಟೋದಲ್ಲಿ ಕರೆತಂದ ಮೊಮ್ಮಗ ರಾಜಗೋಪುರದ ಮುಂದೆ ನಿಂತು ಮೂರು ಜನರನ್ನು ವಿಚಾರಿಸುತ್ತಾನೆ. ಮೂವರೂ ಮೂರು ದಿಕ್ಕು ತೋರಿಸುತ್ತಾರೆ.

ಪ್ರಕಟಣೆ ಬರೆಯುವುದು ಈ ಕೆಲಸದ ಕೊನೆಯ ಹಂತ. ಮೊದಲು ದಾರಿ ನಡೆದು ನೋಡಬೇಕು, ಅಳತೆ ತೆಗೆಯಬೇಕು, ಸಹಾಯ ಸಿಗುವ ಜಾಗಗಳನ್ನು ಗೊತ್ತುಮಾಡಬೇಕು. ವೈಕುಂಠ ಏಕಾದಶಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಆ ದಿನ ತೊಂದರೆಗಳೆಲ್ಲ ಒಟ್ಟಿಗೆ ಬರುತ್ತವೆ: ನಸುಕಿನ ಕತ್ತಲು, ಧನುರ್ಮಾಸದ ಚಳಿ, ಉಪವಾಸದಲ್ಲಿರುವ ವಯಸ್ಸಾದವರು, ಜೊತೆಗೆ ಒಂದು ಬಾಗಿಲಲ್ಲಿ ಒಳಗೆ ಹೋಗಿ ಉತ್ತರದ ವೈಕುಂಠ ದ್ವಾರದಲ್ಲಿ ಹೊರಗೆ ಬರುವ ಕ್ರಮ.

ಒಂದು ಗುಡಿಯನ್ನು ಊಹಿಸಿಕೊಳ್ಳೋಣ. ಮಂಡ್ಯ ಜಿಲ್ಲೆಯ ದೊಡ್ಡ ಊರೊಂದರ ರಂಗನಾಥಸ್ವಾಮಿ ದೇವಸ್ಥಾನ. ಪೂರ್ವಕ್ಕೆ ರಾಜಗೋಪುರ, ಅದರ ಮುಂದೆ ಮೂರು ಮೆಟ್ಟಿಲು. ಒಳಗೆ ಕಲ್ಲು ಹಾಸಿದ ಪ್ರಾಕಾರ, ನವರಂಗಕ್ಕೆ ಒಂದು ಹೊಸ್ತಿಲು. ಉತ್ತರದಲ್ಲಿ ಶಾಮಿಯಾನದವರು ಕಟ್ಟಿಕೊಡುವ ತಾತ್ಕಾಲಿಕ ವೈಕುಂಠ ದ್ವಾರ. ಪೊಲೀಸರು ವಾಹನಗಳನ್ನು ಮುನ್ನೂರು ಮೀಟರ್ ಹಿಂದೆ, ಶಾಲೆಯ ಬಯಲಿನಲ್ಲೇ ನಿಲ್ಲಿಸುತ್ತಾರೆ.

ಮೊದಲ ಹಂತ: ಟೇಪು ಹಿಡಿದು ನಡೆಯುವುದು

ಹಬ್ಬಕ್ಕೆ ಹದಿನೈದು ದಿನ ಇರುವಾಗಲೇ ಒಂದು ಖಾಲಿ ವ್ಹೀಲ್‌ಚೇರ್ ತಂದು, ಶಾಲೆಯ ಬಯಲಿನಿಂದ ಗರ್ಭಗುಡಿಯ ಎದುರಿನವರೆಗೆ ತಳ್ಳಿಕೊಂಡು ಬನ್ನಿ. ಸಮಿತಿಯ ಹಿರಿಯರೊಬ್ಬರು ಅದರಲ್ಲಿ ಕುಳಿತರೆ ಇನ್ನೂ ಒಳ್ಳೆಯದು. ನಡೆದು ಹೋಗುವವರಿಗೆ ಗೊತ್ತೇ ಆಗದ ಚರಂಡಿಯ ಜಾಲರಿ, ಎದ್ದು ನಿಂತ ಚಪ್ಪಡಿ ಕಲ್ಲು, ನೀರಿನ ಪೈಪು ಆಗ ಲೆಕ್ಕಕ್ಕೆ ಬರುತ್ತವೆ.

ಅಳೆಯಬೇಕಾದದ್ದು ಎರಡೇ: ಎತ್ತರ ಮತ್ತು ಅಗಲ. ಇಳಿಜಾರಿನ ನಿಯಮ ಒಂದಕ್ಕೆ ಹನ್ನೆರಡು. ಒಂದು ಸೆಂಟಿಮೀಟರ್ ಎತ್ತರ ಏರಲು ಹನ್ನೆರಡು ಸೆಂಟಿಮೀಟರ್ ಉದ್ದದ ರ‍್ಯಾಂಪ್ ಬೇಕು. ನಮ್ಮ ಗುಡಿಯ ಮೂರು ಮೆಟ್ಟಿಲುಗಳು ತಲಾ 15 ಸೆಂಟಿಮೀಟರ್ ಇದ್ದರೆ ಒಟ್ಟು 45. ರ‍್ಯಾಂಪಿನ ಉದ್ದ 540 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಹದಿನೆಂಟು ಅಡಿ. ರಾಜಗೋಪುರಕ್ಕೂ ರಸ್ತೆಗೂ ನಡುವೆ ಇರುವುದು ನಾಲ್ಕೇ ಮೀಟರ್ ಎಂದಾದರೆ ಅಲ್ಲಿ ರ‍್ಯಾಂಪ್ ಕೂರುವುದಿಲ್ಲ. ಎಷ್ಟೋ ಕಡೆ ಇಷ್ಟಕ್ಕೇ ಬಿಡದೆ ಎಂಟಡಿ ಹಲಗೆಯನ್ನು ಕಡಿದಾಗಿ ಇಟ್ಟು ಕೆಲಸ ಮುಗಿಸುತ್ತಾರೆ. ಅಂಥ ಹಲಗೆಯ ಮೇಲೆ ಮುಂದಿನ ಚಕ್ರ ಮೇಲಕ್ಕೆದ್ದು ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವಿದೆ. ಕೆಟ್ಟ ರ‍್ಯಾಂಪಿಗಿಂತ ರ‍್ಯಾಂಪ್ ಇಲ್ಲದಿರುವುದೇ ಮೇಲು.

ಇಂಥ ಸಂದರ್ಭದಲ್ಲಿ ಅಡುಗೆಯವರನ್ನು ಒಂದು ಪ್ರಶ್ನೆ ಕೇಳಿ: ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರ್ ಯಾವ ಬಾಗಿಲಿನಿಂದ ಒಳಗೆ ಬರುತ್ತವೆ? ದೇವಸ್ಥಾನಗಳಲ್ಲಿ ಹೆಚ್ಚಾಗಿ ಪಾಕಶಾಲೆಯ ಕಡೆ ಒಂದು ಪಕ್ಕದ ಬಾಗಿಲು ಇರುತ್ತದೆ, ಅದಕ್ಕೆ ಮೆಟ್ಟಿಲು ಕಡಿಮೆ. ನಮ್ಮ ಗುಡಿಯಲ್ಲಿ ಅದು ದಕ್ಷಿಣಕ್ಕಿದೆ, ಒಂದೇ ಮೆಟ್ಟಿಲು ಎಂದಿಟ್ಟುಕೊಳ್ಳಿ. 15 ಸೆಂಟಿಮೀಟರಿಗೆ 180 ಸೆಂಟಿಮೀಟರ್, ಆರಡಿ ಹಲಗೆ ಸಾಕು. ಆದರೆ ಆ ಬಾಗಿಲಿನ ಮುಂದೆ ತರಕಾರಿ ಸಿಪ್ಪೆಯ ರಾಶಿ, ಒಳಗೆ ಖಾಲಿ ಎಣ್ಣೆ ಡಬ್ಬಗಳು ಇದ್ದರೆ ಬಂದವರಿಗೆ ಹಿತ್ತಲಿನಿಂದ ಬಂದಂತೆ ಅನ್ನಿಸುತ್ತದೆ. ಅಲ್ಲಿಗೂ ತೋರಣ ಕಟ್ಟಿ, ರಂಗೋಲಿ ಹಾಕಿಸಿ.

ರ‍್ಯಾಂಪಿನ ಹಲಗೆ ದಪ್ಪನೆಯ ಪ್ಲೈವುಡ್ ಆಗಿರಲಿ, ಕೆಳಗೆ ಅಡ್ಡಪಟ್ಟಿ ಹೊಡೆದಿರಲಿ. ಎರಡೂ ಅಂಚಿಗೆ ಎರಡು ಬೆರಳೆತ್ತರದ ರೀಪು ಬೇಕು, ಚಕ್ರ ಜಾರಿ ಹೊರಗೆ ಬೀಳಬಾರದಲ್ಲ. ಮೇಲೆ ಒರಟು ರಬ್ಬರ್ ಮ್ಯಾಟನ್ನು ಮೊಳೆ ಹೊಡೆದು ಕೂರಿಸಬೇಕು. ಕೆಂಪು ಕಾರ್ಪೆಟ್ ಹಾಸಬೇಡಿ, ಅದು ಮಡಿಚಿಕೊಂಡು ಮುಂದಿನ ಚಿಕ್ಕ ಚಕ್ರಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ, ಊರುಗೋಲಿಗೂ ಕಂಟಕ.

ಇನ್ನು ಅಗಲ. ಸಾಮಾನ್ಯ ಮಡಿಚುವ ವ್ಹೀಲ್‌ಚೇರ್ 65 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಬಾಗಿಲು 90 ಇದ್ದರೆ ಸಲೀಸು. 75 ಇದ್ದರೂ ಹೋಗುತ್ತದೆ, ಆದರೆ ಚಕ್ರ ತಿರುಗಿಸುತ್ತಿರುವವರ ಮುಂಗೈ ತರಚುತ್ತದೆ, ಹಾಗಾಗಿ ಅಲ್ಲಿ ತಳ್ಳುವವರು ಬೇಕು. ಬಾಗಿಲಿಗಿಂತ ದೊಡ್ಡ ಅಡ್ಡಿ ಬ್ಯಾರಿಕೇಡುಗಳ ತಿರುವು. ಹಾವಿನಂತೆ ಸುತ್ತಿಸುವ ಸಾಲಿನಲ್ಲಿ ವ್ಹೀಲ್‌ಚೇರ್ ತಿರುಗಬೇಕಾದರೆ ಒಂದೂವರೆ ಮೀಟರ್ ಜಾಗ ಬೇಕು. ಅಷ್ಟು ಬಿಡಲಾಗದಿದ್ದರೆ ಸಾಲಿನ ಪಕ್ಕದಲ್ಲಿ ತಿರುವಿಲ್ಲದ ನೇರ ಓಣಿಯೊಂದನ್ನು ಹಗ್ಗ ಕಟ್ಟಿ ಬೇರ್ಪಡಿಸಬೇಕು.

ವೈಕುಂಠ ದ್ವಾರವನ್ನು ಮರೆಯಬೇಡಿ

ಆ ದಿನ ಜನ ಬರುವುದೇ ಆ ದ್ವಾರದ ಕೆಳಗೆ ಹಾದುಹೋಗಲು. ಒಳಗೆ ದರ್ಶನವಾಗಿ, ದ್ವಾರದ ಹತ್ತಿರ ಬಂದಾಗ ‘ಇಲ್ಲಿ ಮೆಟ್ಟಿಲಿದೆ, ನೀವು ಪಕ್ಕದಲ್ಲಿ ಹೋಗಿ’ ಎಂದರೆ ಬಂದ ಉದ್ದೇಶವೇ ಮಣ್ಣುಪಾಲು. ಶಾಮಿಯಾನದವರು ಸಾಮಾನ್ಯವಾಗಿ ಚಂದಕ್ಕೆಂದು ಅಡಿಯಲ್ಲಿ ಮರದ ವೇದಿಕೆ ಹಾಕುತ್ತಾರೆ. ಅದು ಒಂದಡಿ, ಅಂದರೆ 30 ಸೆಂಟಿಮೀಟರ್ ಎತ್ತರವಿದ್ದರೆ ಹತ್ತಲು ಹನ್ನೆರಡಡಿ, ಇಳಿಯಲು ಹನ್ನೆರಡಡಿ ರ‍್ಯಾಂಪ್ ಬೇಕು. ಅಡ್ವಾನ್ಸ್ ಕೊಡುವಾಗಲೇ ‘ವೇದಿಕೆ ಬೇಡ, ದ್ವಾರ ನೆಲಮಟ್ಟಕ್ಕೆ ಇರಲಿ, ಕಂಬಗಳ ನಡುವೆ ನಾಲ್ಕಡಿ ಬಿಡಿ’ ಎಂದು ಹೇಳಿದರೆ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಸಮಸ್ಯೆ ಮುಗಿಯುತ್ತದೆ. ಹಿಂದಿನ ರಾತ್ರಿ ಹೇಳಿದರೆ ಯಾರೂ ಕೇಳುವುದಿಲ್ಲ.

ಎಲ್ಲಿಯವರೆಗೆ?

ಪ್ರಕಟಣೆಯ ಜೀವ ಇರುವುದು ಈ ಪ್ರಶ್ನೆಯಲ್ಲಿ. ನಮ್ಮ ಗುಡಿಯ ನವರಂಗದ ಹೊಸ್ತಿಲು 12 ಸೆಂಟಿಮೀಟರ್. ಹೊರಗೊಂದು, ಒಳಗೊಂದು ಐದಡಿ ಹಲಗೆ ಇಟ್ಟರೆ ದಾಟಬಹುದು. ಅರ್ಚಕರೂ ಒಪ್ಪಿದರೆ ಕುರ್ಚಿ ನವರಂಗದೊಳಕ್ಕೆ ಹೋಗುತ್ತದೆ. ಒಪ್ಪದಿದ್ದರೆ ಹೊಸ್ತಿಲಿನ ಹೊರಗೇ ದರ್ಶನ. ಆಗ ಅಲ್ಲಿಂದ ಏನು ಕಾಣುತ್ತದೆ ಎಂದು ಸ್ವಯಂಸೇವಕರೊಬ್ಬರು ಮೊದಲೇ ಕುರ್ಚಿಯಲ್ಲಿ ಕುಳಿತು ನೋಡಲೇಬೇಕು. ಕುಳಿತವರ ಕಣ್ಣು ನೆಲದಿಂದ ನಾಲ್ಕಡಿಯೊಳಗೆ ಇರುತ್ತದೆ, ಮುಂದೆ ನಿಂತವರ ಸೊಂಟವೇ ಅವರಿಗೆ ದರ್ಶನ. ಅದರಲ್ಲೂ ರಂಗನಾಥ ಮಲಗಿರುವ ಮೂರ್ತಿ. ದೂರ ಹೋದಷ್ಟೂ ಬಾಗಿಲಿನ ಚೌಕಟ್ಟಿನೊಳಗೆ ನಡುಭಾಗ ಮಾತ್ರ ಕಂಡು, ಮುಖವೂ ಪಾದವೂ ಮರೆಯಾಗುತ್ತವೆ. ಹಾಗಾಗಿ ಹೊಸ್ತಿಲಿಗೆ ತಾಗಿದಂತೆ ಒಂದು ಜಾಗವನ್ನು ಗುರುತು ಮಾಡಿ, ಅಲ್ಲಿಗೂ ಮೂರ್ತಿಗೂ ನಡುವಿನ ಗೆರೆಯಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಲು ಒಬ್ಬರನ್ನು ಇಡಬೇಕು.

ಎಲ್ಲಿ ನಿಲ್ಲುತ್ತದೋ ಅದನ್ನು ಹಾಗೆಯೇ ಬರೆಯಿರಿ. ‘ವ್ಹೀಲ್‌ಚೇರ್ ನವರಂಗದ ಬಾಗಿಲಿನವರೆಗೆ ಬರುತ್ತದೆ, ಅಲ್ಲಿಂದ ಮೂಲಮೂರ್ತಿ ಕಾಣುತ್ತದೆ’ ಎಂದು ಮೊದಲೇ ಓದಿದವರು ಮನಸ್ಸು ಸಿದ್ಧ ಮಾಡಿಕೊಂಡು ಬರುತ್ತಾರೆ. ಬಂದ ಮೇಲೆ ಹೇಳಿದರೆ ಜಗಳವಾಗುತ್ತದೆ, ತಪ್ಪೂ ಅವರದಲ್ಲ.

ಮಡಿಯ ಮಾತು ಇಲ್ಲಿ ಬಂದೇ ಬರುತ್ತದೆ: ರಸ್ತೆಯಲ್ಲಿ ಓಡಿದ ಚಕ್ರ ಒಳಗೆ ಬರಬಹುದೇ? ಎರಡು ದಾರಿಯಿದೆ. ದೇವಸ್ಥಾನದ್ದೇ ಒಂದೆರಡು ಕುರ್ಚಿಗಳನ್ನು ಪ್ರಾಕಾರದೊಳಗೆ ಮಾತ್ರ ಬಳಸುವುದು ಒಂದು. ಆದರೆ ಬೆನ್ನುಹುರಿಗೆ ಪೆಟ್ಟಾದವರಿಗೆ, ಬ್ಯಾಟರಿ ಕುರ್ಚಿಯವರಿಗೆ ಬೇರೆ ಕುರ್ಚಿಗೆ ಬದಲಾಯಿಸುವುದೇ ನೋವಿನ ಕೆಲಸ, ಕೆಲವರಿಗೆ ಅದರಿಂದ ಹುಣ್ಣಾಗುವುದೂ ಉಂಟು. ಅವರ ಕುರ್ಚಿಯ ಚಕ್ರಗಳನ್ನು ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ ಒಳಗೆ ಬಿಡುವುದು ಇನ್ನೊಂದು. ಬಕೆಟ್ ನೀರು, ಎರಡು ಬಟ್ಟೆ, ಒಂದು ನಿಮಿಷ. ಅಂಧರ ಬಿಳಿ ಕೋಲಿನ ತುದಿಗೂ, ಊರುಗೋಲಿಗೂ ಇದೇ ಕ್ರಮ. ಕೃತಕ ಕಾಲು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಇವು ಚಪ್ಪಲಿಯ ಲೆಕ್ಕಕ್ಕೆ ಬರುವುದಿಲ್ಲ ಎಂಬುದನ್ನು ಪಾದರಕ್ಷೆ ಕಾಯುವವರಿಗೂ ಬಾಗಿಲಿನವರಿಗೂ ಮುಂಚೆಯೇ ಹೇಳಿರಬೇಕು. ಈ ವಿಷಯದಲ್ಲಿ ಅರ್ಚಕರೊಡನೆ ಮಾತು ಹಬ್ಬಕ್ಕೆ ಮೊದಲೇ ಮುಗಿದಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳ ಸಾಲಿನಲ್ಲಿ ಧಾರ್ಮಿಕ ಚಟುವಟಿಕೆಗೆ ಬಳಸುವ ಕಟ್ಟಡಗಳನ್ನೂ ಸೇರಿಸಿದೆ. ಆದರೆ ಅರ್ಚಕರ ಮುಂದೆ ಕಾಯ್ದೆ ಓದುವುದಕ್ಕಿಂತ ಒದ್ದೆ ಬಟ್ಟೆ ತೋರಿಸುವುದು ಬೇಗ ಕೆಲಸ ಮಾಡುತ್ತದೆ.

ನಾಲ್ಕು ಸಹಾಯ ಕೇಂದ್ರಗಳು

ಮೊದಲನೆಯದು ವಾಹನ ನಿಲ್ಲುವ ಜಾಗ. ಸಹಾಯ ದೇವಸ್ಥಾನದ ಬಾಗಿಲಲ್ಲಿ ಶುರುವಾದರೆ ಪ್ರಯೋಜನವಿಲ್ಲ, ಮುನ್ನೂರು ಮೀಟರ್ ನಡೆಯಬಲ್ಲವರಿಗೆ ಅದರ ಅಗತ್ಯವೇ ಕಡಿಮೆ. ಆಷಾಢ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟಕ್ಕೆ ಖಾಸಗಿ ವಾಹನ ಬಿಡದೆ ಕೆಳಗಿನಿಂದ ಬಸ್ಸಿನಲ್ಲಿ ಕಳಿಸುವುದನ್ನು ನೋಡಿದವರಿಗೆ ಇದು ಗೊತ್ತು: ಬಸ್ ಹತ್ತುವಲ್ಲೇ ಕಷ್ಟ ಶುರು. ಪೊಲೀಸ್ ಠಾಣೆಗೆ ಮುಂಚೆ ಹೋಗಿ, ಅಂಥವರಿರುವ ಆಟೋ ಅಥವಾ ಕಾರು ದಕ್ಷಿಣದ ಬಾಗಿಲಿನವರೆಗೆ ಬಂದು ಇಳಿಸಿ ಹಿಂತಿರುಗಲು ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಸಿಕ್ಕರೆ ಅದನ್ನು ಬ್ಯಾರಿಕೇಡ್ ಹತ್ತಿರ ನಿಲ್ಲುವ ಪೇದೆಗೂ ತಲುಪಿಸಬೇಕು, ಅವರು ಬೇರೆ ಠಾಣೆಯಿಂದ ಬಂದೋಬಸ್ತಿಗೆ ಬಂದವರಾಗಿರುತ್ತಾರೆ.

ಎರಡನೆಯದು ದಕ್ಷಿಣದ ಬಾಗಿಲು. ಚಪ್ಪಲಿ ಬಿಚ್ಚಲು ಕೈ ಇರುವ ಕುರ್ಚಿಗಳು, ಚಕ್ರ ಒರೆಸುವ ಬಕೆಟ್, ಕುಡಿಯುವ ನೀರು, ಶೌಚಾಲಯದ ದಾರಿ ಬಲ್ಲ ಒಬ್ಬರು ಇಲ್ಲಿರಬೇಕು. ಮೂರನೆಯದು ನವರಂಗದ ಹೊಸ್ತಿಲು. ನಾಲ್ಕನೆಯದು ಉತ್ತರದ ದ್ವಾರದ ಹೊರಗೆ. ಪ್ರತಿ ಕೇಂದ್ರದಲ್ಲೂ ಇಬ್ಬರು, ಎಲ್ಲರಿಗೂ ಒಂದೇ ಬಣ್ಣದ ಶಲ್ಯ. ಸಹಾಯದ ಮೊಬೈಲ್ ಒಂದೇ ಇರಲಿ, ಅದು ಎರಡನೇ ಕೇಂದ್ರದಲ್ಲಿ ಬೇರೆ ಯಾವ ಕೆಲಸವೂ ಇಲ್ಲದವರ ಕೈಯಲ್ಲಿರಲಿ. ಅಧ್ಯಕ್ಷರ ನಂಬರು ಹಾಕಿದರೆ ಆ ದಿನ ಅದು ಎಂಗೇಜ್ ಆಗಿಯೇ ಇರುತ್ತದೆ.

ಕೇಂದ್ರಗಳ ಹತ್ತಿರ ಧ್ವನಿವರ್ಧಕ ಕಟ್ಟಿಸಬೇಡಿ. ಕಣ್ಣು ಕಾಣದವರು ದಾರಿ ತಿಳಿಯುವುದು ಕಿವಿಯಿಂದ, ಆ ಗದ್ದಲದಲ್ಲಿ ಅವರಿಗೆ ಪಕ್ಕದವರ ಮಾತೂ ಕೇಳುವುದಿಲ್ಲ.

ವ್ಹೀಲ್‌ಚೇರುಗಳ ಲೆಕ್ಕವನ್ನೂ ಹಾಕಿ. ಮೂರು ಕುರ್ಚಿಗಳಿವೆ, ಬಾಗಿಲಿನಿಂದ ಹೊರಟು ದರ್ಶನ ಮುಗಿಸಿ ಕುರ್ಚಿ ವಾಪಸು ಬರಲು ಮುಕ್ಕಾಲು ಗಂಟೆ ಬೇಕು ಎಂದರೆ, ಗಂಟೆಗೆ ನಾಲ್ಕು ಜನ. ಬೆಳಿಗ್ಗೆ 5ರಿಂದ 11ರವರೆಗೆ ಇಪ್ಪತ್ತನಾಲ್ಕು ಜನ, ಅಷ್ಟೇ. ಆದ್ದರಿಂದ ಫೋನಿನಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳಲು ಹೇಳಬೇಕು, ಸ್ವಂತ ಕುರ್ಚಿ ಇದ್ದವರು ತರಲು ಹೇಳಬೇಕು.

ಈಗ ಪ್ರಕಟಣೆ

ಇಷ್ಟಾದ ಮೇಲೆ ಬರೆಯುವುದು ಸುಲಭ. ನಮ್ಮ ಗುಡಿಗೆ ಅದು ಹೀಗಿರಬಹುದು:

> ವೈಕುಂಠ ಏಕಾದಶಿಯಂದು ಬೆಳಿಗ್ಗೆ 5ರಿಂದ 11 ಗಂಟೆಯವರೆಗೆ ವ್ಹೀಲ್‌ಚೇರ್ ಬಳಸುವವರು, ವಯಸ್ಸಾದವರು, ಅಂಧರು ದಕ್ಷಿಣದ ಬಾಗಿಲಿನಿಂದ ಬರಬಹುದು. ನಿಮ್ಮ ಆಟೋ ಅಥವಾ ಕಾರು ಆ ಬಾಗಿಲಿನವರೆಗೆ ಬರುತ್ತದೆ. ಜೊತೆಗೆ ಒಬ್ಬರು ಬರಬಹುದು. ಒಬ್ಬರೇ ಬಂದರೆ ಹಳದಿ ಶಲ್ಯದ ಸ್ವಯಂಸೇವಕರು ಜೊತೆಗಿರುತ್ತಾರೆ. ವ್ಹೀಲ್‌ಚೇರ್ ನವರಂಗದ ಬಾಗಿಲಿನವರೆಗೆ ಹೋಗುತ್ತದೆ, ಅಲ್ಲಿಂದ ದೇವರು ಕಾಣುತ್ತದೆ. ವೈಕುಂಠ ದ್ವಾರ ನೆಲಮಟ್ಟದಲ್ಲಿದೆ, ಕುರ್ಚಿಯಲ್ಲೇ ದಾಟಬಹುದು. ದೇವಸ್ಥಾನದಲ್ಲಿ ಮೂರು ಕುರ್ಚಿಗಳಿವೆ, ಬೇಕಾದವರು ಹಿಂದಿನ ದಿನ ಸಂಜೆಯೊಳಗೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಸ್ವಂತ ಕುರ್ಚಿ, ಊರುಗೋಲು, ಬಿಳಿ ಕೋಲು ಒಳಗೆ ತರಬಹುದು. ಯಾವ ಶುಲ್ಕವೂ ಇಲ್ಲ.

ಕೆಳಗೆ ಆ ಒಂದೇ ಮೊಬೈಲ್ ಸಂಖ್ಯೆ. ಫ್ಲೆಕ್ಸ್‌ನಲ್ಲಿ ಹಳದಿ ಮೇಲೆ ಕಪ್ಪು ಅಕ್ಷರ ಚೆನ್ನಾಗಿ ಕಾಣುತ್ತದೆ. ಹಿಂದೆ ದೇವರ ಚಿತ್ರ, ಪಕ್ಕದಲ್ಲಿ ಮುಖಂಡರ ಭಾವಚಿತ್ರ ಹಾಕಿದರೆ ಮಂಜುಗಣ್ಣಿನವರಿಗೆ ಏನೂ ಓದಲು ಬರುವುದಿಲ್ಲ. ಮುಖಂಡರಿಗೆ ಬೇರೆ ಫ್ಲೆಕ್ಸ್ ಹೇಗೂ ಇದ್ದೇ ಇರುತ್ತದೆ.

ಅಂಧರಿಗೆ ಫ್ಲೆಕ್ಸ್ ತಲುಪುವುದಿಲ್ಲ, ವಾಟ್ಸ್‌ಆ್ಯಪ್ ತಲುಪುತ್ತದೆ. ಆದರೆ ಪೋಸ್ಟರಿನ ಚಿತ್ರ ಕಳಿಸಿದರೆ ಅವರ ಮೊಬೈಲಿನ ಓದುವ ತಂತ್ರಾಂಶ ‘ಚಿತ್ರ’ ಎಂದು ಹೇಳಿ ಸುಮ್ಮನಾಗಬಹುದು. ಮೇಲಿನ ಒಕ್ಕಣೆಯನ್ನು ಅಕ್ಷರಗಳಾಗಿಯೇ, ಯುನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ಡಿ.ಟಿ.ಪಿ. ಅಂಗಡಿಯವರು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ನಕಲು ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ತಂತ್ರಾಂಶ ಅದನ್ನೇ ಓದುತ್ತದೆ. ಕಳಿಸುವ ಮೊದಲು ಯಾರ ಮೊಬೈಲಿನಲ್ಲಾದರೂ ಟಾಕ್‌ಬ್ಯಾಕ್ ಎಂಬ ಓದುವ ತಂತ್ರಾಂಶ ಹಾಕಿ ಕೇಳಿಸಿಕೊಂಡರೆ ಗೊತ್ತಾಗಿಬಿಡುತ್ತದೆ.

ಮೈಕಿನಲ್ಲಿ ಇಷ್ಟೂ ಓದಬೇಡಿ. ‘ವಯಸ್ಸಾದವರು, ವ್ಹೀಲ್‌ಚೇರಿನವರು, ಕಣ್ಣು ಕಾಣದವರು ದಕ್ಷಿಣದ ಬಾಗಿಲಿಗೆ ಬನ್ನಿ, ಹಳದಿ ಶಲ್ಯದವರನ್ನು ಕೇಳಿ’ ಎಂದು ಅರ್ಧ ಗಂಟೆಗೊಮ್ಮೆ ಹೇಳಿದರೆ ಸಾಕು.

ವಯಸ್ಸಿನ ವಿಚಾರಕ್ಕೆ ಒಂದು ಮಾತು: ಮುಜರಾಯಿ ಇಲಾಖೆಯ ಪ್ರಮುಖ ದೇವಸ್ಥಾನಗಳಲ್ಲಿ 65 ದಾಟಿದವರಿಗೆ ನೇರ ದರ್ಶನ ಕೊಡಬೇಕೆಂದು 2023ರಲ್ಲಿ ಸೂಚನೆ ಬಂದಿದೆ, ಆಧಾರ್ ತೋರಿಸಿದರೆ ವಯಸ್ಸು ತಿಳಿಯುತ್ತದೆ. ಆದರೆ ಮಂಡಿ ಆಪರೇಷನ್ ಆದ ಐವತ್ತರ ಹೆಂಗಸನ್ನು ಕಾರ್ಡ್ ಕೇಳಿ ವಾಪಸು ಕಳಿಸಬೇಡಿ.

ಆ ದಿನ, ಕೈಯಲ್ಲಿ

ವ್ಹೀಲ್‌ಚೇರ್ ಮುಟ್ಟುವ ಮುಂಚೆ ಕೇಳಿ: ‘ಅಣ್ಣ, ನಾನು ತಳ್ಳಲೇ?’ ಕುಳಿತವರ ಸೀರೆಯ ಸೆರಗು, ಪಂಚೆಯ ಅಂಚು ಚಕ್ರಕ್ಕೆ ಸಿಗದಂತೆ ಮಡಿಲಿಗೆ ಹಾಕಿಕೊಳ್ಳಲು ಹೇಳಿ. ಚಿಕ್ಕ ಹೊಸ್ತಿಲು ಹತ್ತಿಸುವಾಗ ಕುರ್ಚಿಯ ಹಿಂಬದಿ ಕೆಳಗೆ ಚಾಚಿರುವ ಕೊಳವೆಯ ಮೇಲೆ ಕಾಲಿಟ್ಟು ಒತ್ತಿ ಮುಂದಿನ ಚಕ್ರ ಎತ್ತಬೇಕು, ಅವು ಮೇಲೆ ಕೂತ ಮೇಲೆ ಹಿಂದಿನ ಚಕ್ರ ತಳ್ಳಬೇಕು. ಇಳಿಸುವಾಗ ತಿರುಗಿಸಿ, ಹಿಂದಿನ ಚಕ್ರ ಮೊದಲು. ಮುಂದಕ್ಕೆ ಇಳಿಸಿದರೆ ಕುಳಿತವರು ಜಾರಿ ಮುಂದೆ ಬೀಳುತ್ತಾರೆ. ಎತ್ತಲೇಬೇಕಾಗಿ ಬಂದರೆ ಗಟ್ಟಿಯಾದ ಚೌಕಟ್ಟನ್ನು ಹಿಡಿಯಿರಿ. ತೋಳಿಡುವ ಪಟ್ಟಿ, ಕಾಲಿಡುವ ಹಲಗೆ ಕಳಚಿಕೊಂಡು ಕೈಗೆ ಬರುತ್ತವೆ. ನಿಲ್ಲಿಸಿದಾಗಲೆಲ್ಲ ಎರಡೂ ಬ್ರೇಕ್.

ದೀಪದ ಎಣ್ಣೆ, ಅಭಿಷೇಕದ ನೀರು, ಒಡೆದ ತೆಂಗಿನಕಾಯಿಯ ನೀರು ಬಿದ್ದ ಕಲ್ಲು ಬೆಳಗಿನ ಹೊತ್ತಿಗೆ ಸೋಪಿನಷ್ಟು ಜಾರುತ್ತದೆ. ಗಂಟೆಗೊಮ್ಮೆ ಮರದ ಪುಡಿ ಉದುರಿಸಿ ಗುಡಿಸುವುದು ಒಬ್ಬರ ಕೆಲಸವಾಗಿರಲಿ.

ಕಣ್ಣು ಕಾಣದವರ ತೋಳು ಹಿಡಿದು ಎಳೆದುಕೊಂಡು ಹೋಗುವುದು ನಮ್ಮಲ್ಲಿ ಪ್ರೀತಿಯ ಕೆಲಸವೆಂದು ನಡೆದುಬಂದಿದೆ. ಅದು ಎಳೆದಾಟ. ಹೆಸರು ಹೇಳಿ, ನಿಮ್ಮ ಮೊಣಕೈ ಅವರ ಕೈಗೆ ತಾಗಿಸಿ, ಅವರೇ ಹಿಡಿದುಕೊಳ್ಳಲಿ. ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನಿಮ್ಮ ಮೈ ಏರಿದ್ದು ಇಳಿದದ್ದು ಅವರಿಗೆ ತೋಳಿನಲ್ಲೇ ತಿಳಿಯುತ್ತದೆ. ಹೊಸ್ತಿಲಿನ ಮುಂದೆ ನಿಂತು ‘ಹೊಸ್ತಿಲು, ಅರ್ಧ ಗೇಣು ಎತ್ತರ, ದಾಟಿದ ಮೇಲೆ ಇಳಿಯಬೇಕು’ ಎನ್ನಿ. ಇಕ್ಕಟ್ಟಿನ ಬಾಗಿಲಲ್ಲಿ ನಿಮ್ಮ ತೋಳನ್ನು ಬೆನ್ನ ಹಿಂದಕ್ಕೆ ತಂದರೆ ಅವರು ಹಿಂದೆ ಬರುತ್ತಾರೆ. ಪ್ರಸಾದ ತರಲು ಹೋಗಬೇಕಾದರೆ ಬಯಲಿನಲ್ಲಿ ಬಿಟ್ಟು ಹೋಗಬೇಡಿ, ಕಂಬವೊಂದನ್ನು ಮುಟ್ಟಿಸಿ ಹೋಗಿ.

ಮಂಗಳಾರತಿ ತಟ್ಟೆ ಬಂದಾಗ ‘ತಟ್ಟೆ ನಿಮ್ಮ ಎದೆಯ ಎತ್ತರಕ್ಕೆ, ಬಲಗಡೆ, ಒಂದು ಮೊಳ ದೂರದಲ್ಲಿದೆ’ ಎಂದು ಹೇಳಿ. ಬೇಕೆಂದರೆ ಮಾತ್ರ ಮಣಿಕಟ್ಟು ಹಿಡಿದು ಉರಿಯ ಮೇಲ್ಭಾಗಕ್ಕೆ ಒಯ್ಯಿರಿ. ತೀರ್ಥ ಕೊಡುವವರು ‘ತೀರ್ಥ’ ಎಂದು ಬಾಯಿಬಿಟ್ಟು ಹೇಳಿ ಸುರಿಯಬೇಕು, ಇಲ್ಲದಿದ್ದರೆ ಅರ್ಧ ನೆಲಕ್ಕೆ. ಆ ದಿನದ ಅಲಂಕಾರ ಹೇಗಿದೆ ಎಂದು ಹೇಳುವುದನ್ನು ಮಾತ್ರ ಬಿಡಬೇಡಿ: ಯಾವ ಬಣ್ಣದ ಪೀತಾಂಬರ, ತುಳಸಿ ಹಾರ ಎಲ್ಲಿಯವರೆಗೆ ಇಳಿದಿದೆ, ಕಿರೀಟಕ್ಕೆ ಯಾವ ಹೂವು. ಎರಡು ವಾಕ್ಯ ಸಾಕು, ಹಿಂದಿನವರು ಕಾಯಲಿ.

ವಯಸ್ಸಾದವರಿಗೆ ನಡೆಯುವುದಕ್ಕಿಂತ ನಿಲ್ಲುವುದು ಕಷ್ಟ. ಸಾಲಿನ ಬದಲು ಟೋಕನ್ ಕೊಟ್ಟು ಕೂರಿಸಿ. ಏಕಾದಶಿಯಾದ್ದರಿಂದ ಸಕ್ಕರೆ ಕಾಯಿಲೆಯವರು ಗುಳಿಗೆ ನುಂಗಿ, ಏನೂ ತಿನ್ನದೆ ಬಂದಿರುತ್ತಾರೆ. ಬೆವರು, ಕೈ ನಡುಕ, ತೊದಲು ಮಾತು ಕಂಡರೆ ಸಕ್ಕರೆ ಇಳಿದಿರಬಹುದು. ಎಚ್ಚರವಿದ್ದು ನುಂಗಲು ಆದರೆ ತಕ್ಷಣ ಮೂರು ನಾಲ್ಕು ಚಮಚ ಸಕ್ಕರೆ ಕರಗಿಸಿದ ನೀರು ಕೊಡಿ. ‘ಉಪವಾಸ’ ಎಂದು ತಲೆ ಆಡಿಸಿದರೆ ಅರ್ಚಕರಿಂದಲೇ ‘ತಾಯಿ, ಸ್ವಾಮಿಯ ಪ್ರಸಾದ, ಕುಡಿಯಿರಿ’ ಎಂದು ಹೇಳಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ದಾರಿಯೂ ಅದೇ ದಕ್ಷಿಣದ ಬಾಗಿಲು, ಅಲ್ಲಿ ಬೈಕುಗಳನ್ನು ನಿಲ್ಲಿಸಲು ಬಿಡಬೇಡಿ.

ಕೊನೆಯದು ಚಪ್ಪಲಿ. ಅದು ದಕ್ಷಿಣದಲ್ಲಿ, ಭಕ್ತರು ಉತ್ತರದಲ್ಲಿ. ಒಳಗೆ ಹೋಗುವಾಗಲೇ ಚಪ್ಪಲಿಯನ್ನು ಚೀಲಕ್ಕೆ ಹಾಕಿ ಟೋಕನ್ ಸಂಖ್ಯೆ ಬರೆದು ನಾಲ್ಕನೇ ಕೇಂದ್ರಕ್ಕೆ ಸಾಗಿಸುತ್ತಿರಿ. ಆಟೋದವರ ನಂಬರನ್ನೂ ಅದೇ ಚೀಟಿಯ ಮೇಲೆ ಬರೆದುಕೊಂಡರೆ, ದ್ವಾರ ದಾಟಿದ ಕೂಡಲೇ ಫೋನ್ ಮಾಡಿ ಉತ್ತರಕ್ಕೆ ಕರೆಸಬಹುದು. ಕುರ್ಚಿ ಖಾಲಿಯಾದ ತಕ್ಷಣ ಒಬ್ಬರು ಅದನ್ನು ಹೊರಗಿನ ರಸ್ತೆಯಿಂದ ದಕ್ಷಿಣಕ್ಕೆ ತಳ್ಳಿಕೊಂಡು ಓಡಬೇಕು, ಬಾಗಿಲಲ್ಲಿ ಅದರ ಚಕ್ರವನ್ನೂ ಒರೆಸಬೇಕು, ಮುಂದಿನ ಸಮಯ ಪಡೆದವರು ಅಲ್ಲಿ ಕಾಯುತ್ತಿರುತ್ತಾರೆ. 11 ಗಂಟೆಗೆ ಪ್ರವೇಶ ನಿಂತರೂ, ಚೀಟಿಗಳಲ್ಲಿ ಬರೆದ ಎಲ್ಲರೂ ವಾಹನ ಹತ್ತುವವರೆಗೆ ಆ ಮೊಬೈಲ್ ಆಫ್ ಮಾಡುವಂತಿಲ್ಲ.